ಪಯೋಗ್ಲಿಟಜೋನ್

ಪಯೋಗ್ಲಿಟಜೋನ್ ಎರಡನೇ ವಿಧದ ಮಧುಮೇಹದ ಚಿಕಿತ್ಸೆಯಲ್ಲಿ ಬಳಸಲಾಗುವ, ಥಯಾಜೊಲಿಡಿನ್‌ಡಯೋನ್ ವರ್ಗಕ್ಕೆ ಸೇರಿದ ಔಷಧಿ. ಜಪಾನಿನ ಟಕೆಡಾ ಕಂಪನಿಯ ಈ ಔಷಧಿಗೆ 1999ರಲ್ಲಿ ಅಮೆರಿಕದಲ್ಲಿ ಅನುಮೋದನೆ ದೊರೆಯಿತು. ಮಾತ್ರೆಯ ರೂಪದಲ್ಲಿ ದಿನಕ್ಕೊಮ್ಮೆ ಸಾಮಾನ್ಯವಾಗಿ 15 ಅಥವಾ 30 ಮಿ.ಗ್ರಾಂ., ಹೆಚ್ಚೆಂದರೆ 45 ಮಿ.ಗ್ರಾಂ. ನೀಡಲಾಗುತ್ತದೆ. ಭಾರತದಲ್ಲಿ 7.5 ಮಿ.ಗ್ರಾಂ. ಮಾತ್ರೆಯೂ ಬಳಕೆಯಲ್ಲಿದೆ.

== ಇನ್ಸುಲಿನ್ ಪ್ರತಿರೋಧ ಮತ್ತು ಔಷಧಿಯ ಕ್ರಿಯೆ ==

ರಕ್ತದಲ್ಲಿ ಇನ್ಸುಲಿನ್ ಇದ್ದರೂ ಸ್ನಾಯು, ಯಕೃತ್ತು ಮತ್ತು ಕೊಬ್ಬಿನ ಜೀವಕೋಶಗಳು ಅದಕ್ಕೆ ಸರಿಯಾಗಿ ಸ್ಪಂದಿಸದ ಸ್ಥಿತಿಯೇ ಇನ್ಸುಲಿನ್ ಪ್ರತಿರೋಧ. ಕೊಬ್ಬಿನ ಅಂಗಾಂಶದಲ್ಲಿ ಉಳಿಯಬೇಕಾದ ಕೊಬ್ಬಿನಾಮ್ಲಗಳು ರಕ್ತಕ್ಕೆ ಸೇರಿ, ಯಕೃತ್ತು ಹಾಗೂ ಸ್ನಾಯುಗಳಲ್ಲಿ ಶೇಖರವಾಗುವುದು ಇದರ ಮುಖ್ಯ ಕಾರಣಗಳಲ್ಲೊಂದು.

ಪಯೋಗ್ಲಿಟಜೋನ್ ಜೀವಕೋಶದ ಕೇಂದ್ರದಲ್ಲಿರುವ ಪಿಪಿಎಆರ್-ಗಾಮಾ ಎಂಬ ಗ್ರಾಹಕವನ್ನು ಪ್ರಚೋದಿಸುತ್ತದೆ. ಆಗ ಚರ್ಮದಡಿಯ ಪದರದಲ್ಲಿ ಹೊಸ ಕೊಬ್ಬಿನ ಕೋಶಗಳು ರೂಪುಗೊಂಡು ಕೊಬ್ಬಿನಾಮ್ಲಗಳನ್ನು ಹಿಡಿದಿಡುತ್ತವೆ. ಯಕೃತ್ತಿನ ಕೊಬ್ಬು ಕಡಿಮೆಯಾಗುತ್ತದೆ. ಸ್ನಾಯುಗಳು ಮತ್ತೆ ಗ್ಲೂಕೋಸನ್ನು ಹೀರಿಕೊಳ್ಳತೊಡಗುತ್ತವೆ. ವಂಶವಾಹಿಗಳ ಮೂಲಕ ನಡೆಯುವ ಈ ಬದಲಾವಣೆ ನಿಧಾನವಾದುದು. ಪೂರ್ಣ ಪರಿಣಾಮ ಕಾಣಲು ಎರಡು ಮೂರು ತಿಂಗಳು ಬೇಕಾಗಬಹುದು. ಔಷಧಿಯು ಇನ್ಸುಲಿನ್ ಸ್ರವಿಕೆಯನ್ನು ಹೆಚ್ಚಿಸದ ಕಾರಣ, ಇದೊಂದನ್ನೇ ಸೇವಿಸುವವರಲ್ಲಿ ರಕ್ತದ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿಯುವುದು ಅಪರೂಪ. ಇದೇ ಕಾರಣಕ್ಕೆ ಇನ್ಸುಲಿನ್ನೇ ಉತ್ಪತ್ತಿಯಾಗದ ಮೊದಲನೇ ವಿಧದ ಮಧುಮೇಹಕ್ಕೆ ಇದನ್ನು ಬಳಸುವುದಿಲ್ಲ.

ಪಿಪಿಎಆರ್-ಗಾಮಾ ಕೊಬ್ಬಿನ ಕೋಶಗಳಿಗಷ್ಟೇ ಸೀಮಿತವಲ್ಲ. ಮೂತ್ರಪಿಂಡದಲ್ಲಿಯೂ ಮೂಳೆಯ ಮಜ್ಜೆಯಲ್ಲಿಯೂ ಅದು ಇದೆ. ಔಷಧಿಯ ಪ್ರಮುಖ ಅಡ್ಡ ಪರಿಣಾಮಗಳು ಬಹುಮಟ್ಟಿಗೆ ಅಲ್ಲಿಂದಲೇ ಹುಟ್ಟುತ್ತವೆ.

== ದ್ರವ ಸಂಗ್ರಹ ಮತ್ತು ಹೃದಯ ವೈಫಲ್ಯ ==

ಮೂತ್ರಪಿಂಡದ ನಾಳಗಳು ಹೆಚ್ಚು ಸೋಡಿಯಂ ಅನ್ನು ಮರಳಿ ಹೀರಿಕೊಳ್ಳುವುದರಿಂದ, ಅದರೊಡನೆ ನೀರೂ ದೇಹದಲ್ಲಿ ಉಳಿಯುತ್ತದೆ. ರಕ್ತದ ದ್ರವಭಾಗ ಹೆಚ್ಚಿ ಹಿಮೋಗ್ಲೋಬಿನ್ ಪ್ರಮಾಣ ತುಸು ಕಡಿಮೆಯಾಗಿ ಕಾಣುತ್ತದೆ; ಇದನ್ನು ರಕ್ತಹೀನತೆಯೆಂದು ತಪ್ಪಾಗಿ ತಿಳಿಯುವ ಸಂಭವವಿದೆ. ಇನ್ಸುಲಿನ್ ಸಹ ಸೋಡಿಯಂ ಅನ್ನು ಹಿಡಿದಿಡುವುದರಿಂದ, ಎರಡನ್ನೂ ಒಟ್ಟಿಗೆ ಪಡೆಯುವವರಲ್ಲಿ ಊತ ಹೆಚ್ಚು.

ಉದಾಹರಣೆಗೆ, ಇನ್ಸುಲಿನ್ ಪಡೆಯುತ್ತಿರುವ 62 ವರ್ಷದ ಮಹಿಳೆಯೊಬ್ಬರಿಗೆ 30 ಮಿ.ಗ್ರಾಂ. ಪಯೋಗ್ಲಿಟಜೋನ್ ಆರಂಭಿಸಲಾಗಿದೆ ಎಂದುಕೊಳ್ಳೋಣ. ಐದನೇ ವಾರದ ಹೊತ್ತಿಗೆ ಕಾಲ್ಗಂಟಿನ ಬಳಿ ಬೆರಳಿನಿಂದ ಒತ್ತಿದರೆ ಗುಳಿ ಬೀಳುತ್ತದೆ. ಒಂದೇ ವಾರದಲ್ಲಿ ತೂಕ 3 ಕಿ.ಗ್ರಾಂ. ಏರಿದೆ. ರಾತ್ರಿ ಚಪ್ಪಟೆಯಾಗಿ ಮಲಗಿದರೆ ಉಸಿರು ಕಟ್ಟಿದಂತಾಗಿ, ದಿಂಬು ಏರಿಸಿಕೊಳ್ಳಬೇಕಾಗುತ್ತದೆ. ಈ ಔಷಧಿಯಿಂದ ಕೊಬ್ಬೂ ಹೆಚ್ಚುವುದುಂಟು, ಆದರೆ ಅದು ತಿಂಗಳುಗಳ ಅವಧಿಯಲ್ಲಿ ಆಗುವಂಥದು. ದಿನಗಳಲ್ಲಿ ಏರುವ ತೂಕ ನೀರಿನದು. ಊತದೊಡನೆ ಉಸಿರಾಟದ ತೊಂದರೆಯೂ ಸೇರಿದ್ದರಿಂದ ಇದನ್ನು ಹೃದಯ ವೈಫಲ್ಯದ ಸೂಚನೆಯೆಂದು ಭಾವಿಸಿ, ವೈದ್ಯರು ಅಂದೇ ಪರೀಕ್ಷಿಸಿ ಔಷಧಿಯನ್ನು ನಿಲ್ಲಿಸಬೇಕಾಗುತ್ತದೆ. ಫ್ಯೂರೋಸಮೈಡ್‌ನಂತಹ ಮೂತ್ರವರ್ಧಕಗಳನ್ನಷ್ಟೇ ಸೇರಿಸಿ ಪಯೋಗ್ಲಿಟಜೋನ್ ಮುಂದುವರಿಸಿದರೆ ಊತ ಅನೇಕ ವೇಳೆ ಪೂರ್ತಿ ಇಳಿಯುವುದಿಲ್ಲ.

2005ರಲ್ಲಿ ಪ್ರಕಟವಾದ ಪ್ರೋಆಕ್ಟಿವ್ ಅಧ್ಯಯನದಲ್ಲಿ ಹೃದಯ ವೈಫಲ್ಯದಿಂದ ಆಸ್ಪತ್ರೆ ಸೇರಿದವರು ಔಷಧಿ ಪಡೆದವರಲ್ಲಿ ಶೇ. 6, ಹುಸಿಮಾತ್ರೆ ಪಡೆದವರಲ್ಲಿ ಶೇ. 4. ಹೃದಯ ವೈಫಲ್ಯದಿಂದಾದ ಸಾವುಗಳಲ್ಲಿ ಮಾತ್ರ ಅಂತಹ ವ್ಯತ್ಯಾಸ ಕಂಡುಬರಲಿಲ್ಲ. 2007ರಿಂದ ಅಮೆರಿಕದಲ್ಲಿ ಈ ವರ್ಗದ ಔಷಧಿಗಳ ಮೇಲೆ ಚೌಕಟ್ಟಿನ ಎಚ್ಚರಿಕೆ ಕಡ್ಡಾಯವಾಗಿದೆ. ಅಲ್ಪ ಶ್ರಮಕ್ಕೇ ಅಥವಾ ವಿಶ್ರಾಂತಿಯಲ್ಲೇ ಉಸಿರಾಡಲು ಕಷ್ಟಪಡುವ ಹೃದಯ ವೈಫಲ್ಯದ ರೋಗಿಗಳಿಗೆ ಇದನ್ನು ಆರಂಭಿಸುವಂತಿಲ್ಲ.

== ಮೂಳೆ ಮುರಿತ ==

ಮಜ್ಜೆಯಲ್ಲಿರುವ ಮೂಲಕೋಶಗಳು ಮೂಳೆ ಕಟ್ಟುವ ಕೋಶಗಳಾಗಬಹುದು, ಇಲ್ಲವೇ ಕೊಬ್ಬಿನ ಕೋಶಗಳಾಗಬಹುದು. ಪಿಪಿಎಆರ್-ಗಾಮಾ ಪ್ರಚೋದನೆ ಅವುಗಳನ್ನು ಕೊಬ್ಬಿನ ಕಡೆಗೆ ತಿರುಗಿಸುತ್ತದೆ. ಊತದಂತೆ ಈ ಹಾನಿ ಕಣ್ಣಿಗೆ ಕಾಣುವುದಿಲ್ಲ, ಬಿದ್ದಾಗಲೇ ತಿಳಿಯುತ್ತದೆ. 2007ರಲ್ಲಿ ತಯಾರಕರು ವೈದ್ಯರಿಗೆ ತಿಳಿಸಿದಂತೆ, ಔಷಧಿ ಪಡೆದ ಮಹಿಳೆಯರಲ್ಲಿ ಮುಂಗೈ, ಮಣಿಕಟ್ಟು, ಕಾಲ್ಗಂಟು, ಪಾದಗಳ ಮುರಿತಗಳು ಹೆಚ್ಚಾಗಿದ್ದವು.

ಲಾಭ ನಷ್ಟಗಳೆರಡೂ ಒಟ್ಟಿಗೆ ಕಾಣುವುದು 2016ರ ಐರಿಸ್ ಅಧ್ಯಯನದಲ್ಲಿ. ಪಾರ್ಶ್ವವಾಯು ಅಥವಾ ಅದರ ತಾತ್ಕಾಲಿಕ ಆಘಾತಕ್ಕೆ ಒಳಗಾಗಿದ್ದ, ಇನ್ಸುಲಿನ್ ಪ್ರತಿರೋಧವಿದ್ದರೂ ಮಧುಮೇಹವಿಲ್ಲದ 3,876 ಜನ ಅದರಲ್ಲಿದ್ದರು. ಸುಮಾರು ಐದು ವರ್ಷಗಳಲ್ಲಿ ಪಾರ್ಶ್ವವಾಯು ಅಥವಾ ಹೃದಯಾಘಾತ ಶೇ. 11.8ರಿಂದ 9.0ಕ್ಕೆ ಇಳಿಯಿತು, ಶಸ್ತ್ರಚಿಕಿತ್ಸೆ ಅಥವಾ ಆಸ್ಪತ್ರೆವಾಸ ಬೇಕಾದ ಮುರಿತ ಶೇ. 3.2ರಿಂದ 5.1ಕ್ಕೆ ಏರಿತು. ಹೃದಯ ವೈಫಲ್ಯ ಹೆಚ್ಚಲಿಲ್ಲ. ಆದರೆ ಹೃದಯ ವೈಫಲ್ಯವಿದ್ದವರನ್ನು ಮೊದಲೇ ಹೊರಗಿಟ್ಟು, ಊತ ಕಂಡಾಗ ಪ್ರಮಾಣ ಇಳಿಸಿದ ಅಧ್ಯಯನವಿದು ಎಂಬುದನ್ನು ಗಮನಿಸಬೇಕು.

== ಭಾರತದಲ್ಲಿ ==

ಮೂತ್ರಕೋಶದ ಕ್ಯಾನ್ಸರ್ ಕುರಿತ ಆತಂಕದಿಂದ 2013ರ ಜೂನ್‌ನಲ್ಲಿ ಭಾರತ ಸರ್ಕಾರ ಪಯೋಗ್ಲಿಟಜೋನ್ ತಯಾರಿಕೆ ಮತ್ತು ಮಾರಾಟವನ್ನು ತಡೆಹಿಡಿಯಿತು. ಮರುತಿಂಗಳೇ ಆದೇಶವನ್ನು ಹಿಂತೆಗೆದು, ಮಧುಮೇಹಕ್ಕೆ ಮೊದಲ ಆಯ್ಕೆಯಾಗಿ ಬಳಸಬಾರದೆಂಬ ಎಚ್ಚರಿಕೆಯೊಡನೆ ಮಾರಾಟಕ್ಕೆ ಅನುಮತಿ ನೀಡಿತು.