ನೀರು ಬೆರೆಸದ ಪಲ್ಯ

ಹೊರಗಿನಿಂದ ನೀರೆರೆಯದೆ, ತರಕಾರಿಯ ಸಹಜ ಜಲಾಂಶದಲ್ಲಿಯೇ ಬೇಯಿಸುವ ಒಣ ವ್ಯಂಜನ. ಸಣ್ಣಗೆ ಹೆಚ್ಚಿದ ಎಲೆಕೋಸನ್ನು ದಪ್ಪ ತಳದ ಬಾಣಲೆಯಲ್ಲಿ, ಸಾಸಿವೆ, ಉದ್ದಿನಬೇಳೆ, ಕರಿಬೇವುಗಳ ಒಗ್ಗರಣೆಗೆ ಹಾಕಿ, ಮಧ್ಯಮ ಉರಿಯಲ್ಲಿ ಎರಡು ನಿಮಿಷ ಬಾಡಿಸಿ ಉಪ್ಪನ್ನು ಬೆರೆಸಿದರೆ, ಅದು ಜೀವಕೋಶಗಳೊಳಗಿನ ನೀರನ್ನು ಹೊರಕ್ಕೆ ಸೆಳೆಯುವುದು. ಆಗ ಉರಿಯನ್ನು ತಗ್ಗಿಸಿ ಮುಚ್ಚಳವಿಟ್ಟರೆ, ಆ ನೀರು ಆವಿಯಾಗಿ ಮೇಲೇರಿ, ಮುಚ್ಚಳಕ್ಕೆ ತಾಗಿ ಹನಿಯಾಗಿ ಮರಳಿ, ಎಂಟು-ಹತ್ತು ನಿಮಿಷಗಳಲ್ಲಿ ಕೋಸನ್ನು ಬೇಯಿಸುವುದು. ನಡುವೆ ಒಮ್ಮೆ ಕೈಯಾಡಿಸುವಾಗ ತಳ ಒಣಗಿ ಸೀದ ವಾಸನೆ ಸುಳಿದರೆ ಉರಿ ಅಧಿಕವಾಯಿತೆಂದು ತಿಳಿಯತಕ್ಕದ್ದು. ಬೆಂದ ಮೇಲೆ ಮುಚ್ಚಳ ತೆಗೆದು, ಉಳಿದ ತೇವವನ್ನು ಆರಿಸಿ, ಕಾಯಿತುರಿ ಸೇರಿಸುವರು. ಬೆಂಡೆಕಾಯಿಗೆ ಈ ಕ್ರಮ ಸಲ್ಲದು: ಲೋಳೆ ಹೆಚ್ಚುವುದರಿಂದ ಅದನ್ನು ಮುಚ್ಚದೆ ಹುರಿದು, ಉಪ್ಪನ್ನು ಕೊನೆಯಲ್ಲಿ ಹಾಕಬೇಕು.