ಉಳಿತಾಯ ಹೆಚ್ಚಿದರೆ ಬೆಳವಣಿಗೆಯ ದರವೇ ಹೆಚ್ಚುತ್ತದೆಯೇ? ‘ಎಕೆ’ ಮಾದರಿಯ ಚರಿತ್ರೆ

ದೇಶವೊಂದು ತನ್ನ ಆದಾಯದಲ್ಲಿ ಹೆಚ್ಚಿನ ಪಾಲನ್ನು ಉಳಿಸಿ ಹೂಡಿದರೆ ಅದರ ಉತ್ಪನ್ನ ಹೆಚ್ಚುತ್ತದೆ. ಈ ಬಗ್ಗೆ ಅರ್ಥಶಾಸ್ತ್ರಜ್ಞರಲ್ಲಿ ತಕರಾರಿಲ್ಲ. ಆದರೆ ಬೆಳವಣಿಗೆಯ ದರ ಶಾಶ್ವತವಾಗಿ ಏರುತ್ತದೆಯೇ ಎಂಬ ಪ್ರಶ್ನೆ ಬಂದಾಗ ಅವರ ದಾರಿಗಳು ಕವಲೊಡೆಯುತ್ತವೆ. ಈ ಭಿನ್ನಮತ ಒಂದೇ ಊಹೆಯ ಮೇಲೆ ನಿಂತಿದೆ: ಬಂಡವಾಳ ಹೆಚ್ಚಿದಂತೆ ಅದರ ಸೀಮಾಂತ ಉತ್ಪನ್ನ ಇಳಿಯುತ್ತದೆಯೋ ಇಲ್ಲವೋ ಎಂಬುದು. ಆ ಊಹೆ ಹೇಗೆ ಬದಲಾಗುತ್ತ ಬಂತು ಎಂಬುದನ್ನು ಈ ಲೇಖನ ಪರಿಶೀಲಿಸುತ್ತದೆ.

ರಾಯ್ ಹ್ಯಾರಡ್ (1939) ಮತ್ತು ಎವ್ಸೆ ಡೋಮರ್ (1946) ಇಬ್ಬರೂ ಉತ್ಪನ್ನವನ್ನು ಬಂಡವಾಳಕ್ಕೆ ಸ್ಥಿರ ಅನುಪಾತದಲ್ಲಿ ಕಟ್ಟಿಹಾಕಿದ್ದರು. ಅವರ ಕಾಳಜಿ ಮುಂದುವರಿದ ದೇಶಗಳ ನಿರುದ್ಯೋಗ ಮತ್ತು ಅಸ್ಥಿರತೆಯ ಬಗ್ಗೆ ಇತ್ತು. ಆದರೂ ಅವರ ಸೂತ್ರ ಬಡದೇಶಗಳ ಯೋಜಕರ ಕೈಸೇರಿತು. ಭಾರತದ ಮೊದಲ ಪಂಚವಾರ್ಷಿಕ ಯೋಜನೆಯ (1951–56) ಲೆಕ್ಕಾಚಾರವೂ ಇದೇ ಬಗೆಯದು.

1956ರಲ್ಲಿ ರಾಬರ್ಟ್ ಸೊಲೊ ಈ ಸ್ಥಿರ ಅನುಪಾತವನ್ನು ಕೈಬಿಟ್ಟರು. ಬಂಡವಾಳ ಮತ್ತು ಶ್ರಮಗಳಲ್ಲಿ ಒಂದರ ಬದಲು ಇನ್ನೊಂದನ್ನು ಬಳಸಬಹುದು. ಆದರೆ ಶ್ರಮ ಹೆಚ್ಚದೆ ಬಂಡವಾಳವನ್ನಷ್ಟೇ ಹೆಚ್ಚಿಸುತ್ತ ಹೋದರೆ ಇಳಿಮುಖ ಪ್ರತಿಫಲ ನಿಯಮ ಜಾರಿಗೆ ಬರುತ್ತದೆ. ಹೀಗಾಗಿ ದೀರ್ಘಾವಧಿಯ ತಲಾ ಬೆಳವಣಿಗೆ ತಾಂತ್ರಿಕ ಪ್ರಗತಿಯ ಪಾಲಾಯಿತು. ಉಳಿತಾಯಕ್ಕೆ ಉಳಿದದ್ದು ಆದಾಯದ ಮಟ್ಟವನ್ನು ಎತ್ತುವ ಕೆಲಸ ಮಾತ್ರ.

ಎರಡು ನಿಲುವುಗಳ ಅಂತರವನ್ನು ಲೆಕ್ಕ ಹಾಕಿ ನೋಡಬಹುದು. ಜನಸಂಖ್ಯೆ ಸ್ಥಿರವಾಗಿರುವ ಒಂದು ದೇಶದ ಬಂಡವಾಳ 300, ವಾರ್ಷಿಕ ಉತ್ಪನ್ನ 100, ಸವಕಳಿ ಶೇ. 3 ಎಂದಿಟ್ಟುಕೊಳ್ಳೋಣ. ಉಳಿತಾಯ ಶೇ. 15 ಇದ್ದಾಗ ಹೂಡಿಕೆ 15, ಸವಕಳಿ 9. ಬಂಡವಾಳಕ್ಕೆ ನಿವ್ವಳವಾಗಿ 6 ಸೇರಿ ಅದು ಶೇ. 2ರಷ್ಟು ಬೆಳೆಯುತ್ತದೆ. ಉಳಿತಾಯವನ್ನು ಶೇ. 18ಕ್ಕೆ ಏರಿಸಿದರೆ ನಿವ್ವಳ ಸೇರ್ಪಡೆ 9, ಬೆಳವಣಿಗೆ ಶೇ. 3.

ರೇಖೀಯ ತಂತ್ರಜ್ಞಾನದಲ್ಲಿ, ಅಂದರೆ Y = AK ಆಗಿರುವಲ್ಲಿ, ಮರುವರ್ಷ ಬಂಡವಾಳ 309, ಉತ್ಪನ್ನ 103. ಹೂಡಿಕೆ 18.54, ಸವಕಳಿ 9.27, ಬೆಳವಣಿಗೆ ಮತ್ತೆ ಶೇ. 3. ಬಂಡವಾಳದ ಪ್ರತಿ ಘಟಕವೂ ಮೊದಲಿನಷ್ಟೇ ಉತ್ಪಾದಿಸುವುದರಿಂದ ಈ ದರ ಇಳಿಯಲು ಕಾರಣವೇ ಇಲ್ಲ. ಬೆಳವಣಿಗೆಯ ಸೂತ್ರ g = sA − δ. ಇದರಲ್ಲಿ ಬಂಡವಾಳದ ಮೊತ್ತ ಎಲ್ಲಿಯೂ ಬರುವುದಿಲ್ಲ ಎಂಬುದನ್ನು ಗಮನಿಸಬೇಕು. ಅನುಭೋಗ ಮೊದಲ ವರ್ಷ 85ರಿಂದ 82ಕ್ಕೆ ಇಳಿದರೂ ನಾಲ್ಕು ವರ್ಷದೊಳಗೆ ಹಳೆಯ ಹಾದಿಯನ್ನು ಹಿಂದಿಕ್ಕುತ್ತದೆ. 70 ವರ್ಷಗಳಲ್ಲಿ ಉತ್ಪನ್ನ ಶೇ. 2ರ ದರದಲ್ಲಿ ನಾಲ್ಕು ಪಟ್ಟಾದರೆ, ಶೇ. 3ರ ದರದಲ್ಲಿ ಸುಮಾರು ಎಂಟು ಪಟ್ಟಾಗುತ್ತದೆ.

ಸೊಲೊ ಮಾದರಿಯಲ್ಲಿ ಮೊದಲಿನ ಶೇ. 2ರ ಬೆಳವಣಿಗೆ ತಾಂತ್ರಿಕ ಪ್ರಗತಿಯಿಂದ ಬಂದದ್ದು. ಬಂಡವಾಳದ ಘಾತ 1/3 ಆಗಿದ್ದರೆ, ಬಂಡವಾಳ ಶೇ. 3ರಷ್ಟು ಬೆಳೆದ ವರ್ಷವೂ ಉತ್ಪನ್ನ ಶೇ. 2.3ರಷ್ಟೇ ಬೆಳೆಯುತ್ತದೆ. ಬಂಡವಾಳ–ಉತ್ಪನ್ನ ಅನುಪಾತ 3ರಿಂದ 3.6ರತ್ತ ಏರುತ್ತದೆ, ಸವಕಳಿಯ ಹೊರೆ ಹೆಚ್ಚುತ್ತದೆ, ಬೆಳವಣಿಗೆ ನಿಧಾನವಾಗಿ ಶೇ. 2ಕ್ಕೆ ಮರಳುತ್ತದೆ. ಕೊನೆಗೆ ಸಿಗುವ ಲಾಭ, ಹಳೆಯ ಹಾದಿಗಿಂತ ಶೇ. 9.5ರಷ್ಟು ಮೇಲಿನ ಮಟ್ಟ.

ಹಾಗಾದರೆ ಇಳಿಮುಖ ಪ್ರತಿಫಲವನ್ನು ತಡೆಯುವುದು ಯಾವುದು? ಮಾರ್ವಿನ್ ಫ್ರಾಂಕೆಲ್ 1962ರಲ್ಲಿ ಒಂದು ಉತ್ತರ ಕೊಟ್ಟರು. ಪ್ರತಿಯೊಂದು ಉದ್ಯಮಕ್ಕೂ ಇಳಿಮುಖ ಪ್ರತಿಫಲ ಉಂಟು. ಆದರೆ ಇಡೀ ಅರ್ಥವ್ಯವಸ್ಥೆಯ ತಲಾ ಬಂಡವಾಳ ಹೆಚ್ಚಿದಂತೆ ಎಲ್ಲ ಉದ್ಯಮಗಳ ಉತ್ಪಾದಕತೆಯೂ ಹೆಚ್ಚುತ್ತದೆ. ಈ ಎರಡು ಪರಿಣಾಮಗಳು ಸರಿಸಮವಾದರೆ ಒಟ್ಟು ಉತ್ಪನ್ನ ಬಂಡವಾಳಕ್ಕೆ ನೇರ ಅನುಪಾತದಲ್ಲಿರುತ್ತದೆ. ಆಗ ಗಮನ ಸೆಳೆಯದ ಈ ವಿಚಾರ ಪಾಲ್ ರೋಮರ್ ಅವರ 1986ರ ಲೇಖನದ ನಂತರ ಹೊಸ ಮಹತ್ವ ಪಡೆಯಿತು. 1991ರಲ್ಲಿ ಸರ್ಜಿಯೊ ರೆಬೆಲೊ ಇನ್ನೊಂದು ದಾರಿ ತೋರಿದರು. ಬಂಡವಾಳವೆಂದರೆ ಯಂತ್ರಗಳಷ್ಟೇ ಅಲ್ಲ, ಕಲಿಕೆಯಿಂದ ಬರುವ ಮಾನವ ಬಂಡವಾಳವೂ ಸೇರಿತು ಎಂದು ತಿಳಿದರೆ, ಪ್ರತಿಫಲವನ್ನು ಕೆಳಗೆಳೆಯುವ ಸ್ಥಿರ ಅಂಶವೇ ಉಳಿಯುವುದಿಲ್ಲ.

ಈ ಮಾದರಿಯ ದುರ್ಬಲತೆ ಅದರ ಘಾತದಲ್ಲಿದೆ. ಘಾತ ನಿಖರವಾಗಿ 1 ಆಗಿರಬೇಕು. ಸ್ವಲ್ಪ ಕಡಿಮೆಯಾದರೂ ದರ ಕೊನೆಗೆ ಹಿಂದಿನ ಮಟ್ಟಕ್ಕೆ ಮರಳುತ್ತದೆ. ಆದರೆ ಎಷ್ಟು ಬೇಗ? ಮೇಲಿನ ಉದಾಹರಣೆಯಲ್ಲಿ ಘಾತ 1/3 ಇದ್ದರೆ ಅರ್ಧ ದೂರ ಕ್ರಮಿಸಲು ಸುಮಾರು 21 ವರ್ಷ ಸಾಕು, 0.95 ಇದ್ದರೆ 250 ವರ್ಷಗಳಿಗೂ ಹೆಚ್ಚು ಬೇಕು. ಇಂಥ ಅರ್ಥವ್ಯವಸ್ಥೆ ಒಂದು ಜೀವಿತಾವಧಿಯಲ್ಲಿ ಹೆಚ್ಚುಕಡಿಮೆ ರೇಖೀಯ ಮಾದರಿಯಂತೆಯೇ ಕಾಣುತ್ತದೆ.

ಇನ್ನು ಅಂಕಿಅಂಶಗಳ ಸಾಕ್ಷ್ಯ. ಮುಂದುವರಿದ ದೇಶಗಳಲ್ಲಿ ಎರಡನೆಯ ಮಹಾಯುದ್ಧದ ನಂತರ ಹೂಡಿಕೆಯ ಪಾಲು, ಅದರಲ್ಲೂ ಯಂತ್ರೋಪಕರಣಗಳ ಮೇಲಿನ ಹೂಡಿಕೆ, ಏರಿದರೂ ಬೆಳವಣಿಗೆಯ ದರ ಅದಕ್ಕೆ ತಕ್ಕಂತೆ ಏರಲಿಲ್ಲ ಎಂದು ಚಾರ್ಲ್ಸ್ ಜೋನ್ಸ್ 1995ರಲ್ಲಿ ತೋರಿಸಿದರು. ಭೌತಿಕ ಬಂಡವಾಳವೊಂದನ್ನೇ ಲೆಕ್ಕಕ್ಕೆ ಹಿಡಿಯುವ ರೇಖೀಯ ಮಾದರಿಗೆ ಇದು ಬಲವಾದ ಪೆಟ್ಟು. ಆದ್ದರಿಂದ ಉಳಿತಾಯ ಬೆಳವಣಿಗೆಯ ದರವನ್ನು ಶಾಶ್ವತವಾಗಿ ಬದಲಿಸುತ್ತದೆ ಎನ್ನುವವರು, ಯಾವ ಬಗೆಯ ಬಂಡವಾಳದ ಪ್ರತಿಫಲ ಇಳಿಯುವುದಿಲ್ಲ ಮತ್ತು ಏಕೆ ಇಳಿಯುವುದಿಲ್ಲ ಎಂಬುದನ್ನು ಮೊದಲು ಸಾಬೀತುಪಡಿಸಬೇಕಾಗುತ್ತದೆ.