ಮರುಕಳಿಸುವ ಬಾಯಿಹುಣ್ಣು

ತುಟಿಯ ಒಳಮೈ, ಕೆನ್ನೆಯ ಒಳಬದಿ, ನಾಲಿಗೆಯ ಅಂಚು ಮತ್ತು ಅಡಿಭಾಗದಲ್ಲಿ ಎದ್ದು, ತಾನಾಗಿಯೇ ಮಾಯ್ದು, ಕೆಲವು ವಾರ ಅಥವಾ ತಿಂಗಳ ಬಳಿಕ ಬೇರೊಂದು ಜಾಗದಲ್ಲಿ ಮತ್ತೆ ಏಳುವ ನೋವಿನ ಹುಣ್ಣಿಗೆ ಮರುಕಳಿಸುವ ಬಾಯಿಹುಣ್ಣು ಎನ್ನುತ್ತಾರೆ. ಹುಣ್ಣು ಏಳುವುದಕ್ಕೆ ಒಂದೆರಡು ದಿನ ಮೊದಲೇ ಆ ಜಾಗದಲ್ಲಿ ಚುರುಚುರು ಉರಿ ಶುರುವಾಗುತ್ತದೆ. ಆಮೇಲೆ ಗುಂಡಗಿನ ಚಿಕ್ಕ ಕುಳಿ, ಅದರ ಮೇಲೆ ಹಳದಿ ಬಿಳಿಯ ತೆಳು ಪೊರೆ, ಸುತ್ತಲೂ ಕೆಂಪು ಅಂಚು ಕಾಣುತ್ತವೆ. ಬಹುಪಾಲು ಹುಣ್ಣುಗಳು 1 ಸೆಂಟಿಮೀಟರಿಗಿಂತ ಚಿಕ್ಕವು. ಒಂದರಿಂದ ಎರಡು ವಾರದಲ್ಲಿ ಕಲೆ ಉಳಿಸದೆ ಮಾಯುತ್ತವೆ. ಅದಕ್ಕಿಂತ ದೊಡ್ಡವು ಆಳಕ್ಕಿಳಿಯುತ್ತವೆ, ಮಾಯಲು ತಿಂಗಳು ಮೀರಬಹುದು, ಕಲೆಯನ್ನೂ ಬಿಡಬಹುದು.

ಮಾಗಡಿ ತಾಲೂಕಿನ ತಿಪ್ಪಸಂದ್ರ ಹೋಬಳಿಯಂಥ ರಾಗಿಸೀಮೆಯ ಹಳ್ಳಿಗಳಲ್ಲಿ ಇದಕ್ಕೆ ಸಾಮಾನ್ಯವಾಗಿ ಸಿಗುವ ವಿವರಣೆ ‘ಮೈ ಉಷ್ಣ ಆಗಿದೆ’ ಎನ್ನುವುದು. ಸಿಗುವ ಔಷಧಿ ಒಂದೋ ಮಜ್ಜಿಗೆ, ತೆಂಗಿನಹಾಲು, ಗಣಿಕೆ ಸೊಪ್ಪಿನ ಸಾರು; ಇಲ್ಲವೇ ಮೆಡಿಕಲ್ ಶಾಪಿನ ಬಿ ಕಾಂಪ್ಲೆಕ್ಸ್ ಮಾತ್ರೆ. ಈ ಎರಡು ಉತ್ತರಗಳೂ ಬೇರೆ ಬೇರೆ ಕಾಲದಲ್ಲಿ ಹುಟ್ಟಿದವು, ಎರಡಕ್ಕೂ ತಮ್ಮದೇ ಚರಿತ್ರೆಯಿದೆ.

ಉಷ್ಣದ ಮಾತಿನ ಬೇರು ಆಯುರ್ವೇದದ ಪಿತ್ತದ ಕಲ್ಪನೆಯಲ್ಲಿದೆ. ಸುಶ್ರುತಸಂಹಿತೆ 65 ಬಗೆಯ ಮುಖರೋಗಗಳನ್ನು ತುಟಿ, ಒಸಡು, ಹಲ್ಲು, ನಾಲಿಗೆ ಹೀಗೆ ಜಾಗವಾರು ವಿಂಗಡಿಸಿ, ಇಡೀ ಬಾಯಿಗೆ ಹರಡುವವನ್ನು ‘ಸರ್ವಸರ’ ಎಂದು ಬೇರೆಯಾಗಿಯೇ ಇರಿಸುತ್ತದೆ. ಉರಿಯುವ ಹುಣ್ಣು ಅಲ್ಲಿ ಪಿತ್ತದ ಲೆಕ್ಕಕ್ಕೆ ಸೇರುತ್ತದೆ. ಗ್ರೀಸಿನಲ್ಲಿ ಹಿಪ್ಪೋಕ್ರಾಟಿಸ್ ಪರಂಪರೆಯ ವೈದ್ಯರು ಬಾಯಿಯ ಹುಣ್ಣುಗಳಿಗೆ ಬಳಸಿದ ‘ಆಫ್ತೆ’ ಎಂಬ ಪದ ಇಂದಿಗೂ ‘ಆಫ್ತಸ್ ಅಲ್ಸರ್’ ಎಂಬ ವೈದ್ಯಕೀಯ ಹೆಸರಿನಲ್ಲಿ ಉಳಿದಿದೆ.

ಬಾಯಿಯ ಹುಣ್ಣಿಗೂ ಹೊಟ್ಟೆಯೊಳಗಿನ ಕಾಯಿಲೆಗೂ ನಂಟಿದೆ ಎಂಬುದನ್ನು ತೋರಿಸಿಕೊಟ್ಟದ್ದು ಉಷ್ಣವಲಯದ ದೇಶಗಳು. 1759ರಲ್ಲಿ ಬಾರ್ಬಡೋಸಿನ ವೈದ್ಯ ವಿಲಿಯಂ ಹಿಲರಿ, ಬಾಯಿ ಹುಣ್ಣು, ನಿಲ್ಲದ ಭೇದಿ, ಸೊರಗುವಿಕೆ ಮೂರೂ ಜೊತೆಯಾಗಿ ಬರುವ ಕಾಯಿಲೆಯೊಂದನ್ನು ವಿವರಿಸಿದ. 1880ರಲ್ಲಿ ಪ್ಯಾಟ್ರಿಕ್ ಮ್ಯಾನ್ಸನ್ ಅದಕ್ಕೆ ‘ಸ್ಪ್ರೂ’ ಎಂಬ ಹೆಸರನ್ನು ಬಳಕೆಗೆ ತಂದ. ಡಚ್ ಭಾಷೆಯಿಂದ ಬಂದ ಈ ಪದದ ಮೂಲ ಅರ್ಥವೇ ಬಾಯಿಹುಣ್ಣು. ಕರುಳಿನ ಕಾಯಿಲೆಗೆ ಬಾಯಿಯ ಹೆಸರು ಬಿದ್ದದ್ದು ಅದು ಮೊದಲು ಕಣ್ಣಿಗೆ ಬೀಳುತ್ತಿದ್ದದ್ದು ನಾಲಿಗೆಯ ಮೇಲೆ ಎಂಬ ಕಾರಣಕ್ಕೆ. ದಕ್ಷಿಣ ಭಾರತಕ್ಕೂ ಇದು ಹೊರಗಿನ ಮಾತಾಗಿರಲಿಲ್ಲ: 1960ರ ದಶಕದ ಆರಂಭದಲ್ಲಿ ವೆಲ್ಲೂರು ಸುತ್ತಿನ ಹಳ್ಳಿಗಳಲ್ಲಿ ಸ್ಪ್ರೂ ಸಾಂಕ್ರಾಮಿಕದಂತೆ ಹಬ್ಬಿದ್ದನ್ನು ಅಲ್ಲಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ವೈದ್ಯರು ದಾಖಲಿಸಿದರು. ಕರುಳು ಫೋಲೇಟ್ ಮತ್ತು ಬಿ12 ಜೀವಸತ್ವಗಳನ್ನು ಹೀರಿಕೊಳ್ಳದೆ ಹೋದಾಗ ರಕ್ತ ಕುಂದುತ್ತದೆ, ನಾಲಿಗೆ ನುಣುಪಾಗಿ ಕೆಂಪೇರುತ್ತದೆ, ಹುಣ್ಣು ಏಳುತ್ತದೆ.

ಬಿ ಕಾಂಪ್ಲೆಕ್ಸ್ ಮಾತ್ರೆಯ ಕಥೆ ಬೇರೆ. 1936ರಲ್ಲಿ ಕೂನೂರಿನ ಪೋಷಣಾ ಸಂಶೋಧನಾಲಯದ ಡಬ್ಲ್ಯು. ಆರ್. ಐಕ್ರಾಯ್ಡ್ ಮತ್ತು ಬಿ. ಜಿ. ಕೃಷ್ಣನ್, ಅಕ್ಕಿಯೇ ಮುಖ್ಯ ಆಹಾರವಾಗಿದ್ದ ದಕ್ಷಿಣ ಭಾರತದ ಮಕ್ಕಳಲ್ಲಿ ಕಂಡ ಬಾಯಿಯ ಬೇನೆಯನ್ನು ಆಗ ‘ಬಿ2’ ಎನ್ನುತ್ತಿದ್ದ ಜೀವಸತ್ವಗಳ ಕೊರತೆಗೆ ಜೋಡಿಸಿದರು. 1938ರಲ್ಲಿ ಅಮೆರಿಕದ ಸೆಬ್ರೆಲ್ ಮತ್ತು ಬಟ್ಲರ್ ರೈಬೋಫ್ಲೇವಿನ್ ಕಡಿಮೆ ಇರುವ ಆಹಾರ ಕೊಟ್ಟು ಅಂಥದೇ ಬೇನೆಯನ್ನು ಬರಿಸಿ ತೋರಿಸಿದರು. ಆದರೆ ಅವರು ಕಂಡದ್ದು ಮುಖ್ಯವಾಗಿ ಕಟವಾಯಿ ಒಡೆಯುವುದನ್ನು, ಅಂದರೆ ತುಟಿಗಳೆರಡೂ ಕೂಡುವ ಮೂಲೆಯಲ್ಲಿ ಚರ್ಮ ಬಿರಿಯುವುದನ್ನು. ಒಳಗೆ ಏಳುವ ಗುಂಡನೆಯ ಹುಣ್ಣು ಅದಲ್ಲ. ಕನ್ನಡದ ಆಡುಮಾತಿನಲ್ಲಿ ಎರಡಕ್ಕೂ ‘ಬಾಯಿ ಹುಣ್ಣಾಗಿದೆ’ ಎಂದೇ ಹೇಳುವುದರಿಂದ, ಕಟವಾಯಿಯ ಔಷಧಿ ಒಳಗಿನ ಹುಣ್ಣಿಗೂ ಸಲೀಸಾಗಿ ದಾಟಿಕೊಂಡಿತು. ಮಾತ್ರೆ ನುಂಗಿದ ವಾರದಲ್ಲಿ ಹುಣ್ಣು ಹೋದರೆ ಕೀರ್ತಿ ಮಾತ್ರೆಗೆ ಸಲ್ಲುತ್ತದೆ. ಮಾತ್ರೆ ಇಲ್ಲದಿದ್ದರೂ ಅದು ಅದೇ ವಾರದಲ್ಲಿ ಹೋಗುತ್ತಿತ್ತು. ಔಷಧಿ ಕೆಲಸ ಮಾಡಿದೆಯೇ ಎಂದು ತಿಳಿಯಲು ಈ ಹುಣ್ಣು ಎಷ್ಟು ಬೇಗ ಮಾಯಿತು ಎಂದು ನೋಡಿದರೆ ಸಾಲದು. ಮುಂದಿನದು ಎಷ್ಟು ತಿಂಗಳ ಮೇಲೆ ಬಂತು ಎಂದು ಬರೆದಿಟ್ಟು ನೋಡಬೇಕು.

ಹಾಗೆ ಲೆಕ್ಕ ಹಿಡಿದು ನೋಡಿದ ಪರೀಕ್ಷೆಗಳೂ ಇವೆ, ಅವುಗಳ ಫಲ ಒಂದೇ ತೆರನಾಗಿಲ್ಲ. 2009ರಲ್ಲಿ ಪ್ರಕಟವಾದ ಇಸ್ರೇಲಿನ ಚಿಕ್ಕ ಪ್ರಯೋಗವೊಂದರಲ್ಲಿ 58 ಜನರ ಪೈಕಿ ಒಂದು ಗುಂಪಿಗೆ ದಿನಕ್ಕೆ 1000 ಮೈಕ್ರೋಗ್ರಾಂ ಬಿ12, ಇನ್ನೊಂದಕ್ಕೆ ಹುಸಿ ಮಾತ್ರೆ ಕೊಡಲಾಯಿತು. ಆರನೆಯ ತಿಂಗಳಿಗೆ ಬಿ12 ಪಡೆದವರಲ್ಲಿ ಶೇ. 74 ಮಂದಿಗೆ ಹುಣ್ಣು ನಿಂತಿತ್ತು, ಇನ್ನೊಂದು ಗುಂಪಿನಲ್ಲಿ ಶೇ. 32. ಅದೇ, 2012ರಲ್ಲಿ ಅಮೆರಿಕದಲ್ಲಿ ನಡೆದ ಪ್ರಯೋಗದಲ್ಲಿ ಎಲ್ಲ ಜೀವಸತ್ವಗಳೂ ಸೇರಿದ ದಿನದ ಮಾತ್ರೆಯಿಂದ ಪ್ರಯೋಜನ ಕಾಣಲಿಲ್ಲ. ಎಲ್ಲವೂ ಸ್ವಲ್ಪ ಸ್ವಲ್ಪ ಇರುವ ಮಾತ್ರೆಗಿಂತ, ಯಾವುದು ಕಡಿಮೆಯಿದೆ ಎಂದು ರಕ್ತದಲ್ಲಿ ನೋಡಿ ಅದನ್ನೇ ತುಂಬುವುದು ಸರಿ ಎನ್ನುವತ್ತ ವೈದ್ಯರು ವಾಲಿರುವುದಕ್ಕೆ ಇಂಥ ಫಲಿತಾಂಶಗಳೂ ಕಾರಣ.

ಬಾಯಿಯ ಒಳಪದರ ಎಡೆಬಿಡದೆ ಸವೆಯುತ್ತ ಕೆಲವೇ ವಾರಗಳಲ್ಲಿ ಹೊಸದಾಗುತ್ತದೆ. ಜೀವಕೋಶಗಳು ಆ ವೇಗದಲ್ಲಿ ಒಡೆದು ಹೆಚ್ಚಬೇಕಾದರೆ ಕಬ್ಬಿಣ, ಫೋಲೇಟ್, ಬಿ12 ಬೇಕು. ಇವು ತಗ್ಗಿದಾಗ ಪದರ ತೆಳುವಾಗುತ್ತದೆ. ಆಗ ಹಲ್ಲು ತಾಗಿದ ಸಣ್ಣ ಗೀರಿನ ಮೇಲೂ ದೇಹದ ರಕ್ಷಣಾ ಕೋಶಗಳೇ ಮುಗಿಬಿದ್ದು ಹುಣ್ಣನ್ನು ಮಾಡುತ್ತವೆ. ರಾಗಿಸೀಮೆಯ ಊಟವನ್ನು ಈ ದೃಷ್ಟಿಯಿಂದ ನೋಡಿದರೆ ಎರಡು ಕಡೆ ತೂತು ಕಾಣುತ್ತದೆ. ರಾಗಿಯಲ್ಲಿ ಕಬ್ಬಿಣವಿದ್ದರೂ ಅದರ ಒಗರು ಮತ್ತು ಫೈಟೇಟ್ ಅಂಶ ಅದನ್ನು ಹಿಡಿದಿಟ್ಟುಕೊಳ್ಳುತ್ತವೆ. ಮುದ್ದೆ ಉಂಡ ಕೂಡಲೇ ಟೀ ಕುಡಿದರೆ ಕರುಳಿಗೆ ಸಿಗುವುದು ಇನ್ನೂ ಕಡಿಮೆ. ರಾಗಿಯನ್ನು ಮೊಳಕೆ ಕಟ್ಟಿ ಹಿಟ್ಟು ಮಾಡಿದರೆ ಈ ತಡೆ ಕೊಂಚ ಸಡಿಲವಾಗುತ್ತದೆ. ಇನ್ನು ಬಿ12 ರಾಗಿಯಲ್ಲೂ ಇಲ್ಲ, ಸೊಪ್ಪಿನಲ್ಲೂ ಇಲ್ಲ. ಅದು ಸಿಗುವುದು ಹಾಲು, ಮೊಸರು, ಮೊಟ್ಟೆ, ಮೀನು, ಮಾಂಸದಲ್ಲಿ ಮಾತ್ರ. ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಹೆಣ್ಣುಮಕ್ಕಳಲ್ಲಿ ಶೇ. 47.8 ಮಂದಿ ರಕ್ತಹೀನತೆಯವರು. ಬಾಯಿಹುಣ್ಣಿನ ವಿಚಾರಣೆ ರಕ್ತದಿಂದ ಶುರುವಾಗಬೇಕಾದದ್ದು ಇದರಿಂದಲೇ.

ಆ ವಿಚಾರಣೆ ಹೇಗೆ ಸಾಗುತ್ತದೆ ಎಂಬುದಕ್ಕೆ ಮಾದರಿಯಾಗಿ ಒಂದು ಕಲ್ಪಿತ ಪ್ರಸಂಗವನ್ನು ನೋಡಬಹುದು. ರೇಷ್ಮೆ ಸಾಕಣೆಯ ಮನೆಯ 42 ವರ್ಷದ ಹೆಣ್ಣುಮಗಳಿಗೆ ಒಂದೂವರೆ ವರ್ಷದಿಂದ ತಿಂಗಳಿಗೊಮ್ಮೆ ಎರಡು ಮೂರು ಹುಣ್ಣು. ಸಾರಿನ ಖಾರ ತಾಳಲಾರದೆ ಮುದ್ದೆಯನ್ನು ಬರೀ ಮಜ್ಜಿಗೆಯಲ್ಲಿ ನುಂಗುತ್ತಾರೆ. ಸಕ್ಕರೆ ಕಾಯಿಲೆಗೆ ಆರು ವರ್ಷದಿಂದ ಮೆಟ್‌ಫಾರ್ಮಿನ್ ನಡೆದಿದೆ, ಮುಟ್ಟಿನ ರಕ್ತಸ್ರಾವ ಹೆಚ್ಚು, ಈಚೆಗೆ ಪಾದದಲ್ಲಿ ಜೋಮು. ಹಿಮೋಗ್ಲೋಬಿನ್ 9.8. ಕೆಂಪು ರಕ್ತಕಣದ ಗಾತ್ರವನ್ನು ತಿಳಿಸುವ ಎಂಸಿವಿ 88, ಅಂದರೆ ನೋಡಲು ಸರಿಯಾಗಿಯೇ ಇದೆ. ಎಡವುವುದು ಇಲ್ಲಿಯೇ. ಕಬ್ಬಿಣ ಕಡಿಮೆಯಾದರೆ ಕಣ ಕಿರಿದಾಗುತ್ತದೆ, ಬಿ12 ಕಡಿಮೆಯಾದರೆ ಹಿರಿದಾಗುತ್ತದೆ; ಎರಡೂ ಒಟ್ಟಿಗೆ ಕಡಿಮೆಯಾದರೆ ಸರಾಸರಿ ನಡುವೆ ಬಂದು ನಿಂತು ಎರಡನ್ನೂ ಮುಚ್ಚಿಬಿಡುತ್ತದೆ. ಮುಂದೆ ಹೋಗಿ ನೋಡಿದಾಗ ಫೆರಿಟಿನ್ 8, ಬಿ12 140; ಎರಡೂ ಕೆಳಗೆ. ಮೆಟ್‌ಫಾರ್ಮಿನ್ ದೀರ್ಘಕಾಲ ನುಂಗಿದವರಲ್ಲಿ ಬಿ12 ಹೀರಿಕೆ ತಗ್ಗುವುದು ಗೊತ್ತಿರುವ ಸಂಗತಿ, ಹಾಗೆಂದು ಸಕ್ಕರೆಯ ಮಾತ್ರೆಯನ್ನು ತಾವಾಗಿಯೇ ನಿಲ್ಲಿಸುವಂತಿಲ್ಲ. ಬಿ12 ಚುಚ್ಚುಮದ್ದು, ಕಬ್ಬಿಣದ ಮಾತ್ರೆ, ಸ್ರಾವದ ಕಾರಣಕ್ಕೆ ತಪಾಸಣೆ, ಇಲ್ಲಿನ ದಾರಿ ಇದು. ಬರೀ ಫೋಲಿಕ್ ಆಸಿಡ್ ಕೊಟ್ಟಿದ್ದರೆ ರಕ್ತ ಸುಧಾರಿಸಿದಂತೆ ಕಂಡು, ಪಾದದ ಜೋಮು ಒಳಗೊಳಗೇ ಬೆಳೆಯುತ್ತಿತ್ತು. ಇದೇ ಕಬ್ಬಿಣದ ಕೊರತೆ ಗಂಡಸರಲ್ಲಿ ಅಥವಾ ಮುಟ್ಟು ನಿಂತವರಲ್ಲಿ ಕಂಡರೆ ಹೊಟ್ಟೆ ಕರುಳಿನಲ್ಲಿ ರಕ್ತ ಸೋರುತ್ತಿದೆಯೇ ಎಂದು ಹುಡುಕಬೇಕಾಗುತ್ತದೆ.

ರಕ್ತ ಸರಿಯಾಗಿದ್ದೂ ಹುಣ್ಣು ಬರುವವರೇ ಹೆಚ್ಚು. ಅವರಲ್ಲಿ ಹಲವರ ತಂದೆ ತಾಯಿಗೂ ಈ ತೊಂದರೆ ಇರುತ್ತದೆ. ಪರೀಕ್ಷೆ, ಮದುವೆ, ಸಾಲ, ಸಾವಿನ ದಿನಗಳಲ್ಲಿ ಬಾಯಿ ಹುಣ್ಣಾಗುತ್ತದೆ ಎಂಬ ಅನುಭವವೂ ಸುಳ್ಳಲ್ಲ. 160 ಜನರನ್ನು ಒಂದು ವರ್ಷದವರೆಗೆ ವಾರವಾರವೂ ವಿಚಾರಿಸಿದ ಅಧ್ಯಯನವೊಂದು 2012ರಲ್ಲಿ ಪ್ರಕಟವಾಯಿತು. ಮನಸ್ಸಿನ ಒತ್ತಡ ಹುಣ್ಣು ಏಳುವುದರೊಂದಿಗೆ ನಂಟು ಹೊಂದಿದೆ, ಅದು ಎಷ್ಟು ದಿನ ಉಳಿಯುತ್ತದೆ ಎಂಬುದರೊಂದಿಗೆ ಅಲ್ಲ ಎಂದು ಅದರಲ್ಲಿ ಕಂಡುಬಂತು. ಹೀಗಾಗಿ ಎರಡು ವಾರವಾದರೂ ಮಾಯದ ಹುಣ್ಣಿಗೆ ‘ಟೆನ್ಷನ್’ ಎಂಬ ಸಮಾಧಾನ ಸಾಲದು. ರಕ್ತ ಸರಿಯಿದ್ದೂ ಹುಣ್ಣು ಮರುಕಳಿಸುವವರಿಗೆ 0.1 ಶೇಕಡಾ ಟ್ರಯಾಮ್ಸಿನೊಲೋನ್ ಮುಲಾಮನ್ನು, ಉರಿ ಶುರುವಾದ ದಿನವೇ, ಹಲ್ಲುಜ್ಜಿದ ಮೇಲೆ ಮಲಗುವಾಗ ಉಜ್ಜದೆ ಒತ್ತಿ ಇಡಲು ವೈದ್ಯರು ಹೇಳುತ್ತಾರೆ. ಸುಣ್ಣವನ್ನೋ ನೋವಿನ ಮಾತ್ರೆಯ ಪುಡಿಯನ್ನೋ ಹುಣ್ಣಿಗೆ ಒತ್ತಿದರೆ ಪದರ ಸುಟ್ಟು ಬೆಳ್ಳಗಾಗುತ್ತದೆ, ಗಾಯ ದೊಡ್ಡದಾಗುತ್ತದೆ.

ಒಳಗಿನ ಕಾಯಿಲೆಯ ಸುಳಿವು ಹುಣ್ಣಿನಲ್ಲಿ ಸಿಗುವುದು ಕಡಿಮೆ, ಅದರ ಜೊತೆಗೆ ಬರುವ ಲಕ್ಷಣಗಳಲ್ಲಿ ಹೆಚ್ಚು. 1937ರಲ್ಲಿ ಇಸ್ತಾಂಬುಲಿನ ಚರ್ಮವೈದ್ಯ ಹುಲುಸಿ ಬೆಹ್ಚೆಟ್ ಬಾಯಿಹುಣ್ಣು, ಜನನಾಂಗದ ಹುಣ್ಣು, ಕಣ್ಣಿನ ಉರಿಯೂತ ಮೂರನ್ನೂ ಒಂದೇ ಕಾಯಿಲೆಯಾಗಿ ಗುರುತಿಸಿದರು; ಕಣ್ಣು ಕೆಂಪಾಗಿ ಮಂಜಾದರೆ ತಡಮಾಡುವಂತಿಲ್ಲ. ತಿಂಗಳುಗಟ್ಟಲೆ ಭೇದಿ, ತೂಕ ಇಳಿತ, ಮಲದಲ್ಲಿ ರಕ್ತ ಇದ್ದರೆ ಕರುಳಿನ ಕ್ರೋನ್ಸ್ ಕಾಯಿಲೆಯನ್ನು ನೆನೆಯುತ್ತಾರೆ. ಗೋಧಿಯ ಗ್ಲುಟೆನ್ ಒಗ್ಗದ ಸೀಲಿಯಾಕ್ ಕಾಯಿಲೆಯೂ ಹುಣ್ಣು ತರುತ್ತದೆ. 2016ರ ಭಾರತೀಯ ಸಮೀಕ್ಷೆಯಲ್ಲಿ ಅದರ ಪ್ರತಿಕಾಯಗಳು ಉತ್ತರದಲ್ಲಿ ಶೇ. 1.23 ಜನರಲ್ಲಿದ್ದರೆ ದಕ್ಷಿಣದಲ್ಲಿ ಶೇ. 0.10 ಮಾತ್ರ, ರಾಗಿಯಲ್ಲಂತೂ ಗ್ಲುಟೆನ್ ಇಲ್ಲವೇ ಇಲ್ಲ. ಸುಮಾರು 21 ದಿನಕ್ಕೊಮ್ಮೆ ಜ್ವರದೊಂದಿಗೆ ಮಗುವಿನ ಬಾಯಿ ಹುಣ್ಣಾದರೆ ಬಿಳಿ ರಕ್ತಕಣಗಳನ್ನು ಕೆಲವು ವಾರ ಮತ್ತೆ ಮತ್ತೆ ಎಣಿಸಬೇಕಾಗುತ್ತದೆ. ಕೀಲುವಾತಕ್ಕೆ ವಾರಕ್ಕೊಮ್ಮೆ ನುಂಗಬೇಕಾದ ಮೆಥೊಟ್ರೆಕ್ಸೇಟನ್ನು ತಪ್ಪಿ ದಿನವೂ ನುಂಗಿದವರಲ್ಲಿ ಬಾಯೆಲ್ಲ ಹುಣ್ಣಾಗುವುದು ಅಪಾಯದ ಮೊದಲ ಗುರುತು, ಆಗ ಅದೇ ದಿನ ಆಸ್ಪತ್ರೆಗೆ ಹೋಗಬೇಕು.

ಎಲೆ ಅಡಿಕೆ, ಹೊಗೆಸೊಪ್ಪು, ಕಡ್ಡಿಪುಡಿಯ ಅಭ್ಯಾಸವಿರುವ ಕಡೆ ಇನ್ನೊಂದು ಎಚ್ಚರ ಬೇಕು. ಮರುಕಳಿಸುವ ಹುಣ್ಣು ನೋಯುತ್ತದೆ, ಮಾಯುತ್ತದೆ, ಜಾಗ ಬದಲಿಸುತ್ತದೆ. ಕಡ್ಡಿಪುಡಿ ಒತ್ತರಿಸುವ ಕೆನ್ನೆಯಲ್ಲೇ ನಿಂತು, ಮೊದಮೊದಲು ನೋಯದೆ, ಅಂಚು ಗಟ್ಟಿಯಾಗುತ್ತ ಹೋಗುವ ಹುಣ್ಣು ಆ ಜಾತಿಯದಲ್ಲ. ಮೂರು ವಾರ ಮೀರಿದರೆ, ಕ್ಯಾನ್ಸರ್ ಇರಬಹುದೇ ಎಂದು ತಿಳಿಯಲು ಅದರ ಚೂರು ತೆಗೆದು ಪರೀಕ್ಷಿಸಬೇಕು. ತಾಲೂಕು ಆಸ್ಪತ್ರೆಯ ದಂತವೈದ್ಯರು ನೋಡಿ ಇಂಥವರನ್ನು ಬೆಂಗಳೂರಿನ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆಯಂಥ ಕಡೆಗೆ ಕಳಿಸಬಲ್ಲರು. ಖಾರ ತಾಳದೆ, ಬಾಯಿ ಮೂರು ಬೆರಳು ತೂರುವಷ್ಟೂ ತೆರೆಯದಾದರೆ ಅದು ಅಡಿಕೆಯಿಂದ ಒಳಪದರ ನಾರುಗಟ್ಟುವ ಕಾಯಿಲೆಯಿರಬಹುದು. 1953ರಲ್ಲಿ ಮುಂಬಯಿಯ ಎಸ್. ಜಿ. ಜೋಶಿ ಭಾರತದಲ್ಲಿ ಅದನ್ನು ಮೊದಲು ವಿವರಿಸಿದರು. ತಂಬಾಕು ಬಿಟ್ಟವರಿಗೆ ಮೊದಲ ಕೆಲವು ವಾರ ಮಾಮೂಲಿ ಬಾಯಿಹುಣ್ಣು ಹೆಚ್ಚಾಗುವುದುಂಟು. ತಂಬಾಕಿನ ಕಾವಿಗೆ ಗಡುಸಾಗಿದ್ದ ಒಳಪದರ ಮತ್ತೆ ಮೆತ್ತಗಾಗುವುದು ಅದಕ್ಕೆ ಕೊಡುವ ಕಾರಣ. ಬಹುತೇಕರಲ್ಲಿ ಅದು ತಾನಾಗಿಯೇ ತಗ್ಗುತ್ತದೆ.